ವಾರಕ್ಕೊಂದು ಸಂತೆ: ಸೊಪ್ಪು, ಗಡ್ಡೆಗಳನ್ನು ಕಾಪಾಡುವ ಬಗೆ



ಭಾನುವಾರದ ಸಂತೆಯಿಂದ ಎಲೆಸಮೇತ ತಂದ ಮೂಲಂಗಿ ಮಂಗಳವಾರದ ಹೊತ್ತಿಗೆ ಮೆತ್ತಗಾಗಿ ಬಾಗುವುದನ್ನು ನೀವು ಕಂಡಿರಬಹುದು. ಕಿತ್ತ ಮೇಲೆಯೂ ಎಲೆಗಳು ಗಡ್ಡೆಯಿಂದ ನೀರನ್ನು ಎಳೆದು ಗಾಳಿಗೆ ಬಿಡುತ್ತಲೇ ಇರುತ್ತವೆ. ಆದ್ದರಿಂದ ಚೀಲ ಇಳಿಸಿದೊಡನೆ ಮೂಲಂಗಿ, ಗಜ್ಜರಿ, ಬೀಟ್‌ರೂಟುಗಳ ಎಲೆಯನ್ನು ಬೇರ್ಪಡಿಸಿ. ತಲೆಯ ಮೇಲೆ ಒಂದು ಬೆರಳಿನಷ್ಟು ತೊಟ್ಟು ಉಳಿಯಲಿ, ಗಡ್ಡೆಗೆ ಗಾಯವಾಗಬಾರದು.

ಕೊಳ್ಳುವಾಗಲೇ ಗಡ್ಡೆಯನ್ನು ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕೆ ತಕ್ಕ ಭಾರವಿಲ್ಲದ ಮೂಲಂಗಿ ಒಳಗೆ ಬೆಂಡಾಗಿರುತ್ತದೆ. ಸೀಳಿದ್ದನ್ನೂ ಜಜ್ಜಿದ್ದನ್ನೂ ಬಿಡಿ. ಕೊಳೆತ ಒಂದು ಗಡ್ಡೆ ಪಕ್ಕದವನ್ನೂ ಕೆಡಿಸುತ್ತದೆ.

ಈಗ ಒಂದು ಹಳೆಯ ಮಣ್ಣಿನ ಮಡಕೆ ತೆಗೆದುಕೊಳ್ಳಿ. ಜರಡಿ ಹಿಡಿದ ಮರಳಿಗೆ ನೀರು ಚಿಮುಕಿಸಿ. ಹಿಡಿದರೆ ಮುದ್ದೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ತೊಳೆಯದ ಗಡ್ಡೆಗಳನ್ನು ಒಂದಕ್ಕೊಂದು ತಾಗದಂತೆ ಪದರ ಪದರವಾಗಿ ಇದರಲ್ಲಿ ಹೂತು, ಮಡಕೆಯನ್ನು ನೆರಳಿನಲ್ಲಿಡಿ. ಗುರುವಾರ ಒಮ್ಮೆ ತೆಗೆದು ನೋಡಿ. ಮೆತ್ತಗಾದದ್ದನ್ನೂ ವಾಸನೆ ಬಂದದ್ದನ್ನೂ ಹೊರಗೆ ಹಾಕಿ. ಆಲೂಗಡ್ಡೆಗೆ ಮರಳು ಬೇಡ. ಅದು ಗಾಳಿಯಾಡುವ ಬಿದಿರುಬುಟ್ಟಿಯಲ್ಲಿ, ಗೋಣಿಯ ಮರೆಯಲ್ಲಿ, ಈರುಳ್ಳಿಯಿಂದ ದೂರವಿರಲಿ. ಬೆಳಕಿಗೆ ಹಸುರಾಗಿ ಕಹಿಯಾದದ್ದು ತಿನ್ನಲು ತಕ್ಕದ್ದಲ್ಲ.

ಸೊಪ್ಪಿನ ವಿಷಯ ಬೇರೆ. ಒಣಗಿದರೆ ಬಾಡುತ್ತದೆ, ಎಲೆಯ ಮೇಲೆ ನೀರು ನಿಂತರೆ ಕೊಳೆಯುತ್ತದೆ. ಅದಕ್ಕೇ ಸಂತೆಯಲ್ಲಿ ನೀರು ಸುರಿದು ಹೊಳಪು ತಂದ ಕಟ್ಟನ್ನು ಕೊಳ್ಳಬೇಡಿ. ನಡುವೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಒಳಗೆ ಕೊಳೆಯಲು ತೊಡಗಿದೆ ಎಂದು ತಿಳಿಯಿರಿ. ಮನೆಗೆ ತಂದೊಡನೆ ಕಟ್ಟು ಬಿಚ್ಚಿ, ಹಳದಿ ಎಲೆ ಆಯ್ದು, ತೊಳೆಯದೆ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಬೇರಿರುವ ಕೊತ್ತಂಬರಿಯನ್ನು ಲೋಟದಲ್ಲಿ ಬೇರು ಮಾತ್ರ ಮುಳುಗುವಂತೆ ನಿಲ್ಲಿಸಿ ದಿನವೂ ನೀರು ಬದಲಿಸಿ.

ಇಷ್ಟು ಮಾಡಿದರೂ ಸೊಪ್ಪು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲದು. ಹಾಗಾಗಿ ಏಳು ದಿನದ ಸೊಪ್ಪನ್ನು ಒಟ್ಟಿಗೆ ತರುವುದಕ್ಕಿಂತ ಅಡಿಗೆಯ ಕ್ರಮವನ್ನು ಹೊಂದಿಸಿಕೊಳ್ಳುವುದು ಮೇಲು. ಐದು ಜನರ ಮನೆಗೆ ಎಲೆಸಮೇತ ಆರು ಮೂಲಂಗಿ, ಎರಡು ಕಟ್ಟು ಮೆಂತ್ಯದ ಸೊಪ್ಪು, ಎರಡು ಕಟ್ಟು ದಂಟಿನ ಸೊಪ್ಪು, ಗಜ್ಜರಿ ಬೀಟ್‌ರೂಟು ಅರ್ಧರ್ಧ ಕಿಲೋ, ಆಲೂಗಡ್ಡೆ ಒಂದು ಕಿಲೋ ತಂದಿರೆನ್ನಿ. ಭಾನುವಾರ ಕತ್ತರಿಸಿದ ಮೂಲಂಗಿಯ ಎಲೆಯದೇ ಪಲ್ಯ. ಸೋಮವಾರ ಮೆಂತ್ಯದ ಸೊಪ್ಪು, ಮಂಗಳವಾರ ದಂಟಿನ ಹುಳಿ. ಬುಧವಾರ ಮೂಲಂಗಿ, ಗುರುವಾರ ಗಜ್ಜರಿಯ ಕೋಸಂಬರಿ, ಶುಕ್ರವಾರ ಬೀಟ್‌ರೂಟಿನ ಪಲ್ಯ, ಶನಿವಾರ ಆಲೂಗಡ್ಡೆ. ಬೇಗ ಕೆಡುವುದು ಮೊದಲು ಒಲೆಗೇರಿತು. ತಾಳುವುದು ಕೊನೆಗೆ ಉಳಿಯಿತು.

ಒಂದು ಎಚ್ಚರಿಕೆ. ಒದ್ದೆ ಬಟ್ಟೆ ತಂಪು ಕೊಡುವುದು ಅದರ ನೀರು ಆರಿದಾಗ ಮಾತ್ರ. ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆರದು, ಸೊಪ್ಪು ಬೇಗ ಲೋಳೆಯಾಗುತ್ತದೆ. ಆ ದಿನಗಳಲ್ಲಿ ಒಣಬಟ್ಟೆಯ ಮೇಲೆ ಹರಡಿಡಿ. ಸೊಪ್ಪನ್ನು ಒಂದು ದಿನಕ್ಕಾಗುವಷ್ಟೇ ಕೊಂಡು, ಉಳಿದ ದಿನಗಳಿಗೆ ಗಡ್ಡೆಗಳನ್ನು ನೆಚ್ಚಿಕೊಳ್ಳಿ.