ಶುಕ್ರನನ್ನು ಕೇಳಿದರೆ ಶನಿ ಬಂದ!

ಮಕ್ಕಳೇ, ಆರು ಗ್ರಹಗಳ ಒಂದು ಪಟ್ಟಿ ಇಲ್ಲಿದೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯೊಂದನ್ನು ತೆರೆದು, ಇದನ್ನು ಇದ್ದ ಹಾಗೆಯೇ ತುಂಬಿಕೊಳ್ಳಿ.

| | A | B | C | D |
|---|---|---|---|---|
| 1 | ಗ್ರಹ | ವ್ಯಾಸ | ದೂರ | ವರ್ಷ |
| 2 | ಬುಧ | 4879 | 5.8 | 88 |
| 3 | ಶುಕ್ರ | 12104 | 10.8 | 225 |
| 4 | ಭೂಮಿ | 12756 | 15 | 365 |
| 5 | ಮಂಗಳ | 6792 | 22.8 | 687 |
| 6 | ಗುರು | 142984 | 77.9 | 4333 |
| 7 | ಶನಿ | 120536 | 143 | 10759 |

ವ್ಯಾಸ ಇರುವುದು ಕಿಲೋಮೀಟರ್‌ಗಳಲ್ಲಿ. ದೂರ ಎಂದರೆ ಸೂರ್ಯನಿಂದ ಆ ಗ್ರಹಕ್ಕಿರುವ ಸರಾಸರಿ ದೂರ, ಕೋಟಿ ಕಿಲೋಮೀಟರ್‌ಗಳ ಲೆಕ್ಕದಲ್ಲಿ. ವರ್ಷ ಎಂದರೆ ಆ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುವ ಕಾಲ, ನಮ್ಮ ಭೂಮಿಯ ದಿನಗಳಲ್ಲಿ.

ಮಂಗಳನ ವರ್ಷ ಎಷ್ಟು ದಿನ? ನೀವು ಏನು ಮಾಡಿದಿರಿ, ಗಮನಿಸಿ. ಎಡಗಡೆ ‘ಮಂಗಳ’ ಎಲ್ಲಿದೆ ಎಂದು ಹುಡುಕಿದಿರಿ. ಮೇಲೆ ‘ವರ್ಷ’ ಎಲ್ಲಿದೆ ಎಂದು ನೋಡಿದಿರಿ. ಆ ಅಡ್ಡಸಾಲೂ ಈ ಕಂಬಸಾಲೂ ಸೇರುವ ಮನೆಯಲ್ಲಿ 687 ಸಿಕ್ಕಿತು. ಕಂಪ್ಯೂಟರಿನಿಂದಲೂ ಈ ಕೆಲಸವನ್ನೇ ಮಾಡಿಸೋಣ. ಅದಕ್ಕೆ ಇಬ್ಬರು ಕೆಲಸಗಾರರು ಬೇಕು. ಎಷ್ಟನೆಯದು ಎಂದು ಎಣಿಸಿ ಹೇಳುವುದು MATCH. ಇಷ್ಟನೆಯ ಮನೆಯಲ್ಲಿರುವುದನ್ನು ತಂದುಕೊಡುವುದು INDEX.

ಖಾಲಿ ಮನೆಗಳಲ್ಲಿ ಈ ಮೂರು ಸೂತ್ರಗಳನ್ನು ಒಂದೊಂದಾಗಿ ಬರೆದು ನೋಡಿ.

```
=MATCH("ಮಂಗಳ", A2:A7, 0)
=MATCH("ವರ್ಷ", B1:D1, 0)
=INDEX(B2:D7, 4, 3)
```

ಮೊದಲನೆಯದಕ್ಕೆ 4 ಬರುತ್ತದೆ, ಏಕೆಂದರೆ A2ರಿಂದ ಎಣಿಸಿದರೆ ಮಂಗಳ ನಾಲ್ಕನೆಯವನು. ಎರಡನೆಯದಕ್ಕೆ 3 ಬರುತ್ತದೆ. ಮೂರನೆಯ ಸೂತ್ರ ಅಂಕಿಗಳಿರುವ ಜಾಗಕ್ಕೆ ಹೋಗಿ, ನಾಲ್ಕನೆಯ ಅಡ್ಡಸಾಲು, ಮೂರನೆಯ ಕಂಬಸಾಲು ಎಂದು ಎಣಿಸಿ 687 ತರುತ್ತದೆ. INDEXಗೆ ಯಾವಾಗಲೂ ಅಡ್ಡಸಾಲಿನ ಸಂಖ್ಯೆ ಮೊದಲು, ಕಂಬಸಾಲಿನದು ಆಮೇಲೆ.

4, 3 ಎಂದು ನಾವೇ ಎಣಿಸಿ ಬರೆಯುವ ಬದಲು, ಆ ಜಾಗಗಳಲ್ಲಿ MATCH ಅನ್ನೇ ಕೂರಿಸಿಬಿಡೋಣ. F1ರಲ್ಲಿ ಗ್ರಹದ ಹೆಸರು ಬರೆಯಿರಿ, F2ರಲ್ಲಿ ತಲೆಬರಹ, F3ರಲ್ಲಿ ಈ ಸೂತ್ರ.

```
=INDEX(B2:D7, MATCH(F1, A2:A7, 0), MATCH(F2, B1:D1, 0))
```

ಈಗ F1ರಲ್ಲಿ ‘ಗುರು’, F2ರಲ್ಲಿ ‘ವ್ಯಾಸ’ ಎಂದು ಬರೆದರೆ F3ರಲ್ಲಿ 142984 ಬರುತ್ತದೆ. ‘ಬುಧ’, ‘ದೂರ’ ಎಂದರೆ 5.8. ಸೂತ್ರವನ್ನು ಮುಟ್ಟುವುದೇ ಬೇಡ, ಎರಡು ಹೆಸರು ಬದಲಿಸಿದರೆ ಸಾಕು.

ಎಲ್ಲಾ ಸರಿ, MATCHನ ಕೊನೆಯಲ್ಲಿರುವ ಆ 0 ಏತಕ್ಕೆ? ತೆಗೆದೇ ನೋಡೋಣ. ಸೂತ್ರದ ಮೊದಲನೆಯ MATCHನಿಂದ ಸೊನ್ನೆಯನ್ನೂ ಅದರ ಹಿಂದಿನ ಅಲ್ಪವಿರಾಮವನ್ನೂ ಅಳಿಸಿ, `MATCH(F1, A2:A7)` ಎಂದಷ್ಟೇ ಉಳಿಸಿ. F2ರಲ್ಲಿ ‘ವ್ಯಾಸ’ ಇರಲಿ.

F1ರಲ್ಲಿ ‘ಶನಿ’ ಎನ್ನಿ. 120536 ಬರುತ್ತದೆ. ಸರಿಯಾಗಿಯೇ ಇದೆ! ‘ಗುರು’ ಎನ್ನಿ. `#N/A` ಬರುತ್ತದೆ, ಅಂದರೆ ‘ಸಿಗಲಿಲ್ಲ’ ಎಂದು. ಗುರು ಪಟ್ಟಿಯಲ್ಲೇ ಕಣ್ಣಿಗೆ ಕಾಣುವಂತೆ ಕೂತಿದ್ದಾನಲ್ಲ! ಇನ್ನು ‘ಶುಕ್ರ’ ಎನ್ನಿ. ಬರುವುದು ಮತ್ತೆ 120536. ಅದು ಶನಿಯ ವ್ಯಾಸ. ಶುಕ್ರನದು ಬರೀ 12,104 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟೇ.

ಹೀಗೇಕಾಯಿತು? ನೀವು ನಿಘಂಟಿನಲ್ಲಿ ಪದ ಹುಡುಕುವಾಗ ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ನಡುವೆ ಎಲ್ಲೋ ತೆರೆಯುತ್ತೀರಿ. ನಿಮ್ಮ ಪದ ಮುಂದೆ ಬರಬೇಕಾದ್ದಾದರೆ ಹಿಂದಿನ ಪುಟಗಳನ್ನು ಬಿಟ್ಟೇಬಿಡುತ್ತೀರಿ. ಕೊನೆಗೆ 0 ಇಲ್ಲದಿದ್ದರೆ MATCH ಕೂಡ ಹಾಗೆಯೇ ಹುಡುಕುತ್ತದೆ. ಪಟ್ಟಿ ಅಕಾರಾದಿಯಾಗಿ ಜೋಡಿಸಿದೆ ಎಂದು ಅದು ನಂಬಿಕೊಂಡಿರುತ್ತದೆ. ನಮ್ಮ ಪಟ್ಟಿಯಾದರೋ ಸೂರ್ಯನಿಂದ ಇರುವ ದೂರದ ಪ್ರಕಾರ ಜೋಡಿಸಿದ್ದು. ಅಕ್ಷರಗಳ ಪ್ರಕಾರ ಜೋಡಿಸಿದ್ದರೆ ಗುರು, ಬುಧ, ಭೂಮಿ, ಮಂಗಳ, ಶನಿ, ಶುಕ್ರ ಎಂದಿರಬೇಕಿತ್ತು.

ಶುಕ್ರನನ್ನು ಹುಡುಕುವ MATCH ನಡುವಿಗೆ ಹೋಗುತ್ತದೆ. ಅಲ್ಲಿ ಸಿಗುವುದು ಭೂಮಿಯೋ ಮಂಗಳನೋ. ‘ಶ’ ಅಕ್ಷರ ‘ಭ’, ‘ಮ’ಗಳಾದ ಮೇಲೆ ಬರುವುದರಿಂದ ಅದು ಮೇಲಿನ ಅರ್ಧವನ್ನು ಬಿಟ್ಟು ಕೆಳಕ್ಕೆ ಇಳಿಯುತ್ತದೆ. ನಿಜವಾದ ಶುಕ್ರ ಉಳಿದಿರುವುದು ಆ ಬಿಟ್ಟುಬಂದ ಅರ್ಧದಲ್ಲೇ! ಇಳಿದು ಇಳಿದು ಕೊನೆಯ ಶನಿಗೆ ಬಂದು ಮುಟ್ಟುತ್ತದೆ. ಹೇಳಿದ ಹೆಸರು ಸಿಗದಿದ್ದರೆ ಅದಕ್ಕಿಂತ ಹಿಂದೆ ಬರುವ ಹೆಸರನ್ನೇ ಒಪ್ಪಿಕೊಳ್ಳುವುದು ಈ ಬಗೆಯ ಹುಡುಕಾಟದ ನಿಯಮ. ಹಾಗಾಗಿ ಶನಿಯನ್ನೇ ಹಿಡಿದುಕೊಡುತ್ತದೆ. ಗುರುವಿನ ಕಥೆ ಇದಕ್ಕೆ ತದ್ವಿರುದ್ಧ. ‘ಗ’ ಮೊದಲೇ ಬರುವ ಅಕ್ಷರವಾದ್ದರಿಂದ MATCH ಮೇಲಕ್ಕೆ ಹತ್ತುತ್ತದೆ, ಕೆಳಗಿರುವ ಗುರುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಶನಿ ಸರಿಯಾಗಿ ಸಿಕ್ಕಿದ್ದು, ಕೆಳಗಿಳಿಯುವ ದಾರಿಯಲ್ಲೇ ಅವನು ಇದ್ದದ್ದರಿಂದ.

ಕೊನೆಗೆ 0 ಬರೆದರೆ ‘ಹೇಳಿದ ಹೆಸರೇ ಬೇಕು, ಹತ್ತಿರದ್ದು ಬೇಡ’ ಎಂದು ಅಪ್ಪಣೆ ಕೊಟ್ಟಂತೆ. ಆಗ ಪಟ್ಟಿ ಯಾವ ಕ್ರಮದಲ್ಲಿದ್ದರೂ ಸರಿ. ಸೊನ್ನೆಯನ್ನು ಮತ್ತೆ ಅದರ ಜಾಗದಲ್ಲಿ ಇಟ್ಟುಬಿಡಿ.

ಸೊನ್ನೆ ಇದ್ದೂ `#N/A` ಬಂದರೆ? ಆಗ ಎರಡು ಹೆಸರುಗಳಲ್ಲಿ ಏನೋ ವ್ಯತ್ಯಾಸವಿದೆ ಎಂದರ್ಥ. ಕಣ್ಣಿಗೆ ಕಾಣದಿದ್ದರೂ ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. `=LEN(A3)` ಎಂದು ಬರೆದು ನೋಡಿ. ‘ಶುಕ್ರ’ ಎಂದರೆ ನಮಗೆ ಎರಡೇ ಅಕ್ಷರ. ಕಂಪ್ಯೂಟರ್ ಮಾತ್ರ ಶ, ಉಕಾರದ ಗುರುತು, ಕ, ಒತ್ತಕ್ಷರ ಕೂಡಿಸುವ ಗುರುತು, ರ ಎಂದು 5 ಎಣಿಸುತ್ತದೆ. 6 ಬಂದರೆ ಅಲ್ಲಿ ಖಾಲಿ ಜಾಗ ಅಡಗಿದೆ. ಅದನ್ನು ಅಳಿಸಿದರೆ ಶುಕ್ರ ಸಿಗುತ್ತಾನೆ.

ಇನ್ನೊಂದು ತಪ್ಪು ಎಣಿಕೆ ಎಲ್ಲಿಂದ ಶುರು ಎಂಬುದರಲ್ಲಿ ಆಗುತ್ತದೆ. INDEX ಎಣಿಸುವುದು B2ರಿಂದ. ನೀವು MATCHಗೆ A2:A7 ಬದಲು A1:A7 ಎಂದು ಕೊಟ್ಟರೆ ತಲೆಬರಹವೂ ಎಣಿಕೆಗೆ ಸೇರಿ, ಮಂಗಳ ಐದನೆಯವನಾಗುತ್ತಾನೆ. ಆಗ ಮಂಗಳನ ವರ್ಷ ಕೇಳಿದರೆ ಗುರುವಿನ 4333 ಬರುತ್ತದೆ. ಇದನ್ನು ಪತ್ತೆ ಹಚ್ಚಲು ಕೊನೆಯ ಶನಿಯನ್ನು ಕೇಳಿ. MATCH 7 ಎನ್ನುತ್ತದೆ, ಆದರೆ ಅಂಕಿಗಳ ಅಡ್ಡಸಾಲುಗಳು ಇರುವುದು ಆರೇ. ಹಾಗಾಗಿ `#REF!` ಎಂದು ಬರುತ್ತದೆ.

ಒಂದು ಹೆಸರಿಗೆ ಉತ್ತರ ಸರಿ ಬಂದ ಮಾತ್ರಕ್ಕೆ ಸೂತ್ರ ಸರಿ ಎನ್ನಬೇಡಿ. ಸೊನ್ನೆ ಇಲ್ಲದ ಸೂತ್ರವೂ ಶನಿಯ ಅಳತೆಯನ್ನು ಸರಿಯಾಗಿಯೇ ಹೇಳಿತ್ತಲ್ಲ! ಮೊದಲನೆಯದು, ಕೊನೆಯದು, ನಡುವಿನದೊಂದು, ಇಷ್ಟನ್ನಾದರೂ ಕೇಳಿ ಪಟ್ಟಿಯೊಂದಿಗೆ ತಾಳೆ ನೋಡಿ. ಆಮೇಲೆ ಯುರೇನಸ್, ನೆಪ್ಚೂನ್‌ಗಳನ್ನು 8 ಮತ್ತು 9ನೆಯ ಸಾಲುಗಳಲ್ಲಿ ನೀವೇ ಸೇರಿಸಿ. ಸೂತ್ರದಲ್ಲಿ A7, D7 ಎಂದಿರುವುದನ್ನು A9, D9 ಎಂದು ಎರಡೂ ಕಡೆ ಬದಲಿಸುವುದನ್ನು ಮಾತ್ರ ಮರೆಯಬೇಡಿ.