ಒಂದೇ ಹೆಸರಿನ ಎರಡು ಔನ್ಸುಗಳು

ಅಮೆರಿಕದ ಅಡುಗೆ ಪುಸ್ತಕವೊಂದರಲ್ಲಿ ಬ್ರೆಡ್ ಮಾಡಲು ಈ ಅಳತೆಗಳಿವೆ ಎಂದಿಟ್ಟುಕೊಳ್ಳೋಣ: ಮೈದಾ 1 ಪೌಂಡ್ 12 ಔನ್ಸ್, ಹಾಲು 1 ಪೈಂಟ್, ಜೇನುತುಪ್ಪ 2 ದ್ರವ ಔನ್ಸ್. ನಮ್ಮ ತಕ್ಕಡಿಯಲ್ಲಿರುವುದು ಗ್ರಾಂ. ಅಳತೆಯ ಲೋಟದಲ್ಲಿರುವುದು ಮಿಲಿಲೀಟರ್. ಇವನ್ನು ಹೊಂದಿಸುವುದು ಹೇಗೆ?

ಮೊದಲು ಮೈದಾ. ಹಿರಿಯರು ರಾತಲು ಎನ್ನುತ್ತಿದ್ದ ಪೌಂಡಿನಲ್ಲಿ 16 ಔನ್ಸುಗಳಿವೆ. ಅದಕ್ಕೆ 12 ಸೇರಿಸಿದರೆ 28 ಔನ್ಸ್. ಒಂದು ಔನ್ಸ್ ಎಂದರೆ 28.35 ಗ್ರಾಂ. ಗುಣಿಸಿದರೆ ಸುಮಾರು 794 ಗ್ರಾಂ, ಅಂದರೆ 0.794 ಕಿಲೋಗ್ರಾಂ. ಸುಲಭವಾಗಲೆಂದು ಔನ್ಸಿಗೆ 30 ಗ್ರಾಂ ಹಿಡಿದರೆ 840 ಗ್ರಾಂ ಆಗಿ, ಹಿಟ್ಟು 46 ಗ್ರಾಂ ಹೆಚ್ಚಾಗುತ್ತದೆ. ಆದ್ದರಿಂದ ಮೊದಲು ಗುಣಿಸಬೇಕು. ಬಿಡಿ ಅಂಕಿಗಳನ್ನು ಕೈಬಿಡುವುದು ಕೊನೆಗೆ.

ಇನ್ನು ಜೇನುತುಪ್ಪ. ಔನ್ಸ್ ತೂಕದ ಅಳತೆ, ದ್ರವ ಔನ್ಸ್ ಗಾತ್ರದ ಅಳತೆ. ನೀರಿನ ಮಟ್ಟಿಗೆ ಒಂದು ದ್ರವ ಔನ್ಸಿನ ತೂಕ ಹೆಚ್ಚು ಕಡಿಮೆ ಒಂದು ಔನ್ಸೇ ಆಗುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಅಮೆರಿಕದ ದ್ರವ ಔನ್ಸ್ 29.57 ಮಿಲಿಲೀಟರ್, ಎರಡಕ್ಕೆ 59 ಮಿಲಿಲೀಟರ್. ಅಷ್ಟು ಜೇನಿನ ತೂಕ ಸುಮಾರು 83 ಗ್ರಾಂ. ಅದನ್ನೇ ತೂಕದ ಔನ್ಸೆಂದು ತಿಳಿದು ತಕ್ಕಡಿಗೆ ಹಾಕಿದರೆ ಸಿಗುವುದು ಬರೀ 57 ಗ್ರಾಂ. ಸಿಹಿ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು!

ಕೊನೆಯದು ಹಾಲು. ಇಲ್ಲಿ ಪುಸ್ತಕ ಯಾವ ದೇಶದ್ದೆಂದು ತಿಳಿಯಲೇಬೇಕು. ಅಮೆರಿಕದ ಪೈಂಟಿನಲ್ಲಿ 16 ದ್ರವ ಔನ್ಸ್, ಅಂದರೆ 473 ಮಿಲಿಲೀಟರ್. ಬ್ರಿಟನ್ನಿನ ದ್ರವ ಔನ್ಸ್ ತುಸು ಚಿಕ್ಕದು, 28.41 ಮಿಲಿಲೀಟರ್; ಆದರೆ ಅಲ್ಲಿನ ಪೈಂಟಿಗೆ 20 ದ್ರವ ಔನ್ಸುಗಳಾದ್ದರಿಂದ ಅದು 568 ಮಿಲಿಲೀಟರ್. ನಮ್ಮ ಬ್ರೆಡ್ಡಿಗೆ ತಪ್ಪಾಗಿ ಬ್ರಿಟಿಷ್ ಪೈಂಟ್ ಸುರಿದರೆ 95 ಮಿಲಿಲೀಟರ್ ಹಾಲು ಹೆಚ್ಚಾಗಿ, ಕಣಕ ಕೈಗೆ ಅಂಟುತ್ತದೆ, ಉಂಡೆಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ. ಆಗ ಇನ್ನಷ್ಟು ಮೈದಾ ಸುರಿದರೆ ಉಪ್ಪು, ಜೇನು, ಯೀಸ್ಟ್‌ಗಳ ಪ್ರಮಾಣವೂ ಕೆಡುತ್ತದೆ.

ಪುಸ್ತಕದ ದೇಶವನ್ನು ಗುರುತಿಸುವುದು ಕಷ್ಟವಲ್ಲ. ಮೈದಾಕ್ಕೆ 'ಆಲ್ ಪರ್ಪಸ್ ಫ್ಲೋರ್' ಎಂದಿದ್ದು, ಬೆಣ್ಣೆಯನ್ನು 'ಸ್ಟಿಕ್' ಲೆಕ್ಕದಲ್ಲಿ ಹೇಳಿದ್ದರೆ ಅದು ಅಮೆರಿಕದ್ದು. 'ಪ್ಲೇನ್ ಫ್ಲೋರ್', 'ಕ್ಯಾಸ್ಟರ್ ಶುಗರ್', ಒಲೆಯ ಶಾಖಕ್ಕೆ 'ಗ್ಯಾಸ್ ಮಾರ್ಕ್' ಎಂದಿದ್ದರೆ ಬ್ರಿಟನ್ನಿನದು.

ಹೀಗೆ ನಮ್ಮ ಪಟ್ಟಿ ಸಿದ್ಧವಾಯಿತು: ಮೈದಾ 794 ಗ್ರಾಂ, ಹಾಲು 473 ಮಿಲಿಲೀಟರ್, ಜೇನುತುಪ್ಪ 59 ಮಿಲಿಲೀಟರ್. ಈಗ ಕೊನೆಯ ಅಂಕಿಯನ್ನು ಸರಿಪಡಿಸಿ 795, 475, 60 ಎಂದು ಬರೆದುಕೊಂಡರೂ ಬ್ರೆಡ್ಡಿಗೆ ಬಾಧಕವಿಲ್ಲ.