ಇಪ್ಪತ್ತಾರು ನೋಟ್‌ಬುಕ್‌ಗಳಲ್ಲಿ ಒಂದು



ಈ ಶಾಲೆಯಲ್ಲಿ ನಾನು ಕೇಳಿದ ಒಂದು ಭಾಷಣದ ಬಗ್ಗೆ ಇವತ್ತು ಹೇಳುತ್ತೇನೆ. ಮೂರು ವರ್ಷಗಳ ಹಿಂದೆ, ನಾನು ನಾಲ್ಕನೆಯ ಹಂತದಲ್ಲಿದ್ದಾಗ, ವರ್ಷದ ಕೊನೆಯ ತರಗತಿಯ ದಿನ ನಮ್ಮ ಪ್ರಿನ್ಸಿಪಾಲ್ ಆಂಟಿ ಆ ಭಾಷಣ ಮಾಡಿದರು. ಆ ವರ್ಷದ ಅತ್ಯುತ್ತಮ ನೋಟ್‌ಬುಕ್ ಯಾವುದು, ಅದನ್ನು ಹೇಗೆ ಆರಿಸಿದೆವು ಎಂದು ಅವರು ಮಕ್ಕಳಿಗೆ ವಿವರಿಸಿದರು. ಬಹುಮಾನ ನನಗೇ ಬರುತ್ತದೆ ಎಂದುಕೊಂಡು ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ.

ಎರಡು ವಿಭಾಗ ಸೇರಿ ನಾವು ಇಪ್ಪತ್ತಾರು ಮಕ್ಕಳು. ಆಂಟಿ ಮೊದಲು ಹೇಳಿದ್ದು ಹೆಸರುಗಳ ವಿಷಯ. ಎಲ್ಲ ನೋಟ್‌ಬುಕ್‌ಗಳ ಹೊದಿಕೆಯ ಮೇಲೆ ಬಿಳಿ ಕಾಗದ ಅಂಟಿಸಿ, ಒಂದರಿಂದ ಇಪ್ಪತ್ತಾರರವರೆಗೆ ಸಂಖ್ಯೆ ಬರೆದಿದ್ದರು. ನೋಡಿದವರು ಇಬ್ಬರು: ಆಂಟಿ ಮತ್ತು ನಮಗೆ ಪಾಠ ಮಾಡದ ಇನ್ನೊಬ್ಬ ಶಿಕ್ಷಕರು. ಇಬ್ಬರೂ ಬೇರೆ ಬೇರೆ ಕುಳಿತು ಅಂಕ ಹಾಕಿದರು. ಒಂದೇ ಪುಸ್ತಕಕ್ಕೆ ಇಬ್ಬರ ಅಂಕಗಳಲ್ಲಿ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಒಟ್ಟಿಗೆ ಕುಳಿತು ಮತ್ತೆ ಓದಿದರು. ಕೊನೆಗೆ ಇಬ್ಬರ ಅಂಕಗಳ ಸರಾಸರಿ ತೆಗೆದುಕೊಂಡರು.

ಒಟ್ಟು ಇಪ್ಪತ್ತು ಅಂಕ. ತರಗತಿಗೆ ಬಂದ ದಿನಗಳ ಬರಹ ಇದೆಯೇ ಎಂಬುದಕ್ಕೆ ಐದು. ಬೇರೆಯವರು ಓದಬಹುದೇ ಎಂಬುದಕ್ಕೆ ಐದು. ಶಿಕ್ಷಕರು ಕೆಂಪು ಗುರುತು ಹಾಕಿದ ಮೇಲೆ ಆ ತಪ್ಪಿಗೆ ಏನಾಯಿತು ಎಂಬುದಕ್ಕೆ ಹತ್ತು. ಹಾಳೆಯ ಅಂಚಿನ ಚಿತ್ರ, ಬಣ್ಣದ ಗೆರೆ, ಹೊಳೆಯುವ ಸ್ಟಿಕರ್‌ಗಳಿಗೆ ಒಂದು ಅಂಕವೂ ಇರಲಿಲ್ಲ. ಅಷ್ಟು ಕೇಳಿದಾಗಲೇ ನನಗೆ ಸ್ವಲ್ಪ ಅಳುಕಾಯಿತು.

ಮೊದಲ ಐದು ಅಂಕ ಸುಲಭ ಎಂದು ನಾವು ಭಾವಿಸಿದ್ದೆವು. ಪುಟ ಎಣಿಸಿದರೆ ಆಯಿತಲ್ಲ? ಆದರೆ ಒಬ್ಬ ಹುಡುಗ ಜನವರಿಯಲ್ಲಿ ಸೇರಿದ್ದ. ಅವನ ಪುಸ್ತಕ ತೆಳ್ಳಗಿತ್ತು. ಅದಕ್ಕೆ ಆಂಟಿ ಪುಟ ಎಣಿಸದೆ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರು. ಸಂಖ್ಯೆ ಹೊಂದಿಸಿದ್ದು ಕಚೇರಿಯ ಸ್ವಯಂಸೇವಕರು, ಹೆಸರು ತೀರ್ಪುಗಾರರಿಗೆ ಕಾಣಲಿಲ್ಲ. ಆ ಹುಡುಗ ಬಂದದ್ದು 18 ತರಗತಿ, ದಿನಾಂಕ ಹಾಕಿ ಬರೆದದ್ದು 17. ಇನ್ನೊಬ್ಬರು 31 ತರಗತಿಗೆ ಬಂದು 24 ದಿನ ಬರೆದಿದ್ದರು. ದಪ್ಪ ಪುಸ್ತಕಕ್ಕಿಂತ ತೆಳ್ಳನೆಯ ಪುಸ್ತಕಕ್ಕೆ ಹೆಚ್ಚು ಅಂಕ ಬಂತು.

ಓದಲು ಬರುತ್ತದೆಯೇ ಎಂದು ತಿಳಿಯಲು ದೊಡ್ಡವರು ಓದಿದರೆ ಸಾಲದು ಎಂದು ಆಂಟಿ ಹೇಳಿದರು. ದೊಡ್ಡವರು ಅರ್ಧ ಅಕ್ಷರ ನೋಡಿ ಉಳಿದರ್ಧವನ್ನು ಊಹಿಸಿಬಿಡುತ್ತಾರೆ. ಅದಕ್ಕೆ ಎರಡನೆಯ ಹಂತದ ಒಬ್ಬ ಹುಡುಗಿಯಿಂದ ಪ್ರತಿ ಪುಸ್ತಕದ ಐದು ಸಾಲು ಜೋರಾಗಿ ಓದಿಸಿದರು. ಅವಳು ಎಲ್ಲಿ ನಿಂತಳೋ ಅಲ್ಲಿ ಪೆನ್ಸಿಲ್ ಗುರುತು. ಹೆಚ್ಚಾಗಿ ಅವಳು ನಿಂತದ್ದು ಒತ್ತಕ್ಷರಗಳ ಹತ್ತಿರ. ಇದಕ್ಕೆ ಕಾರಣ ನಮ್ಮ ಕೈ ಮಾತ್ರ ಅಲ್ಲ, ಅಂಗಡಿಯಿಂದ ತಂದ ಪುಸ್ತಕವೂ ಹೌದು. ಇಲ್ಲಿ ಸಿಗುವ ವೈಡ್ ರೂಲ್ಡ್ ಪುಸ್ತಕದಲ್ಲಿ ಎರಡು ಗೆರೆಗಳ ನಡುವೆ ಸುಮಾರು 8.7 ಮಿಲಿಮೀಟರ್ ಜಾಗವಿದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿ. ಷಕಾರದ ಕೆಳಗೆ ಟ-ಒತ್ತು, ಅದರ ಜೊತೆಗೆ ರ-ಒತ್ತು. ಅವು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಹೋಗಿ ಕೂರುತ್ತವೆ. ಒಂದು ಸಾಲು ಬಿಟ್ಟು ಒಂದು ಸಾಲು ಬರೆದಿದ್ದ ಮಕ್ಕಳ ಪುಸ್ತಕವನ್ನು ಆ ಹುಡುಗಿ ಎಲ್ಲೂ ನಿಲ್ಲದೆ ಓದಿದಳು. ಅವರಲ್ಲಿ ಕೆಲವರ ಅಕ್ಷರ ಸೊಟ್ಟಗಿದ್ದರೂ ಓದಿದಳು.

ಇನ್ನು ಹತ್ತು ಅಂಕದ ಭಾಗ. ಆಗ ಆಂಟಿ ಒಂದು ಗುಟ್ಟು ಬಿಚ್ಚಿಟ್ಟರು. ವರ್ಷದಲ್ಲಿ ಮೂರು ಸಲ, ಸೆಪ್ಟೆಂಬರ್, ಡಿಸೆಂಬರ್ ಮತ್ತು ಏಪ್ರಿಲ್‌ನಲ್ಲಿ, ನಮಗೆ ಅವೇ ಹತ್ತು ಪದಗಳನ್ನು ಬೇರೆ ಬೇರೆ ವಾಕ್ಯಗಳಲ್ಲಿಟ್ಟು ಉಕ್ತಲೇಖನ ಕೊಟ್ಟಿದ್ದರಂತೆ. ನಾವು ಯಾರೂ ಗಮನಿಸಿರಲಿಲ್ಲ. ತೀರ್ಪುಗಾರರು ಎಲ್ಲ ಪುಸ್ತಕಗಳಲ್ಲೂ ಆ ಮೂರು ಪುಟಗಳನ್ನೇ ತೆರೆದರು.

ಆ ಪದಗಳಲ್ಲಿ ಒಂದು 'ಬೇಳೆ'. ಅಮೆರಿಕದಲ್ಲಿ ಬೆಳೆದ ನಮಗೆ ಇದು ಕಷ್ಟದ ಪದ. ಇಂಗ್ಲಿಷಿನಲ್ಲಿ ಳಕಾರ ಇಲ್ಲ, ಹಾಗಾಗಿ ನಮ್ಮ ಕಿವಿಗೆ ಳ ಕೂಡ ಲ ಎಂದೇ ಕೇಳುತ್ತದೆ. ಹ್ರಸ್ವ ದೀರ್ಘವನ್ನೂ ನಾವು ಸರಿಯಾಗಿ ಅಳೆಯುವುದಿಲ್ಲ. ಎರಡೂ ತಪ್ಪಿದರೆ ಬೇಳೆ ಹೋಗಿ ಬೆಲೆ ಆಗುತ್ತದೆ. ಹತ್ತೊಂಬತ್ತನೆಯ ಪುಸ್ತಕದಲ್ಲಿ ಸೆಪ್ಟೆಂಬರ್ ಪುಟದಲ್ಲಿ 'ಅಮ್ಮ ಬೆಲೆ ಸಾರು ಮಾಡಿದರು' ಎಂದಿತ್ತು. ಎಲ್ಲರೂ ನಕ್ಕರು. ಕೆಂಪು ಗುರುತಿನ ಕೆಳಗೆ ಆ ಮಗು ತಾನೇ ಒಂದು ಸಾಲು ಬರೆದುಕೊಂಡಿತ್ತು: ಬೆಳೆ ಹೊಲದಲ್ಲಿ, ಬೇಳೆ ಡಬ್ಬಿಯಲ್ಲಿ, ಬೆಲೆ ಚೀಟಿಯಲ್ಲಿ. ಡಿಸೆಂಬರ್‌ನಲ್ಲಿ ಅದೇ ಮಗು 'ಬೇಲೆ' ಎಂದು ಬರೆದಿತ್ತು. ಅದೂ ತಪ್ಪು. ಆದರೆ ದೀರ್ಘ ಬಂದಿದೆ, ಳ ಮಾತ್ರ ಬಾಕಿ. ಏಪ್ರಿಲ್‌ನಲ್ಲಿ 'ಬೇಳೆ'. "ಈ ಮೂರು ಪುಟಗಳನ್ನು ನೋಡಿದರೆ ಒಂದು ಮಗುವಿನ ಕಿವಿ ತೆರೆದುಕೊಂಡದ್ದು ಕಾಣುತ್ತದೆ," ಎಂದರು ಆಂಟಿ.

ತೀರ್ಪುಗಾರರಿಗೂ ಒಂದು ಕಡೆ ಭಿನ್ನಾಭಿಪ್ರಾಯ ಬಂತು. 'ಸೂರ್ಯ' ಎಂಬ ಪದವನ್ನು ಕೆಲವರು ಅರ್ಕಾವತ್ತು ಹಾಕಿ ಬರೆದಿದ್ದರು, ಕೆಲವರು ರ ಬರೆದು ಕೆಳಗೆ ಯ-ಒತ್ತು ಕೊಟ್ಟಿದ್ದರು. ಒಬ್ಬ ತೀರ್ಪುಗಾರರು ಎರಡನೆಯದನ್ನು ತಪ್ಪೆಂದು ಅಂಕ ಕಳೆದಿದ್ದರು. ಮಾತಾಡಿದ ಮೇಲೆ ಎರಡೂ ಸರಿ ಎಂದು ತೀರ್ಮಾನಿಸಿ ಎಲ್ಲ ಪುಸ್ತಕಗಳನ್ನೂ ಮತ್ತೆ ತಿದ್ದಿದರು. ಯ ಬರೆದು ಕೆಳಗೆ ರ-ಒತ್ತು ಕೊಟ್ಟದ್ದು ಮಾತ್ರ ತಪ್ಪು, ಏಕೆಂದರೆ ಅದನ್ನು ಓದಿದರೆ 'ಸೂಯ್ರ' ಆಗುತ್ತದೆ.

ಆಮೇಲೆ ಆಂಟಿ ಹನ್ನೊಂದನೆಯ ಪುಸ್ತಕವನ್ನು ಎತ್ತಿ ತೋರಿಸಿದರು. "ಇದು ಎಲ್ಲಕ್ಕಿಂತ ಅಂದವಾದ ಪುಸ್ತಕ. ಉಕ್ತಲೇಖನದಲ್ಲಿ ಸೆಪ್ಟೆಂಬರ್‌ನಲ್ಲಿ ಹತ್ತಕ್ಕೆ ಹತ್ತು, ಡಿಸೆಂಬರ್‌ನಲ್ಲಿ ಹತ್ತಕ್ಕೆ ಹತ್ತು, ಏಪ್ರಿಲ್‌ನಲ್ಲಿ ಹತ್ತಕ್ಕೆ ಐದು. ಇಷ್ಟು ಬೇಗ ಕನ್ನಡ ಮರೆತುಹೋಗುತ್ತದೆಯೇ ಮಕ್ಕಳೇ?" ಎಂದು ಕೇಳಿದರು. ಮತ್ತೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅದು ನನ್ನ ಪುಸ್ತಕ.

ಮಾರ್ಚ್ ತಿಂಗಳ ರಜೆಯಲ್ಲಿ ನಾನು ಹೊಸ ನೋಟ್‌ಬುಕ್ ತಂದು, ಹಳೆಯದನ್ನು ನೋಡಿಕೊಂಡು, ತಪ್ಪುಗಳನ್ನೆಲ್ಲ ಸರಿಮಾಡಿ ಮೊದಲಿನಿಂದ ಬರೆದಿದ್ದೆ. ಏಪ್ರಿಲ್ ಉಕ್ತಲೇಖನ ಮಾತ್ರ ತರಗತಿಯಲ್ಲೇ ಬರೆದದ್ದು. ಆಂಟಿ ಹೆಸರು ಹೇಳಲಿಲ್ಲ, ಬಯ್ಯಲೂ ಇಲ್ಲ. ಅವರಿಗೆ ಹೇಗೆ ತಿಳಿಯಿತು ಎಂಬುದನ್ನು ಮಾತ್ರ ಹೇಳಿದರು. ಏಳು ತಿಂಗಳ ಪುಟಗಳಲ್ಲಿ ಒಂದೇ ಪೆನ್ನು, ಒಂದೇ ಕೈ. ನಿಜವಾದ ಪುಸ್ತಕದಲ್ಲಿ ಸೆಪ್ಟೆಂಬರ್‌ನ ಅಕ್ಷರ ಮಾರ್ಚಿನ ಅಕ್ಷರದಂತೆ ಇರುವುದಿಲ್ಲ. ಶಿಕ್ಷಕರ ಕೆಂಪು ಗುರುತು ಒಂದೂ ಇಲ್ಲ, ಏಕೆಂದರೆ ಶಿಕ್ಷಕರು ಈ ಪುಸ್ತಕವನ್ನು ನೋಡಿಯೇ ಇಲ್ಲ. ಮೊದಲ ಐದಕ್ಕೆ ಐದು, ಓದಲು ಐದಕ್ಕೆ ಐದು, ತಿದ್ದುಪಡಿಗೆ ಹತ್ತಕ್ಕೆ ಮೂರು. ಒಟ್ಟು ಹದಿಮೂರು.

ಕೊನೆಗೆ ಏಳನೆಯ ಮತ್ತು ಹತ್ತೊಂಬತ್ತನೆಯ ಪುಸ್ತಕಗಳು ತಲಾ ಹದಿನೇಳು ಅಂಕದಲ್ಲಿ ನಿಂತವು. ಏಳನೆಯದರ ಉಕ್ತಲೇಖನ ಸೆಪ್ಟೆಂಬರ್‌ನಲ್ಲಿ ಎಂಟು, ಏಪ್ರಿಲ್‌ನಲ್ಲಿ ಒಂಬತ್ತು. ಹತ್ತೊಂಬತ್ತನೆಯದರಲ್ಲಿ ಸೆಪ್ಟೆಂಬರ್‌ನಲ್ಲಿ ಮೂರು, ಏಪ್ರಿಲ್‌ನಲ್ಲಿ ಒಂಬತ್ತು. ಬಹುಮಾನ ಹತ್ತೊಂಬತ್ತಕ್ಕೆ ಹೋಯಿತು. ಹಾಗಾದರೆ ಮೊದಲೇ ಚೆನ್ನಾಗಿ ಬರುವವರಿಗೆ ಅನ್ಯಾಯವಲ್ಲವೇ ಎಂದು ಒಬ್ಬ ಹುಡುಗ ಎದ್ದು ಕೇಳಿದ. ಆಂಟಿ ಹೇಳಿದರು: "ಕನ್ನಡ ಚೆನ್ನಾಗಿ ಬರುವವರಿಗೆ ಪರೀಕ್ಷೆಯ ಬಹುಮಾನ ಇದೆ, ಏಳನೆಯ ಪುಸ್ತಕದವರಿಗೆ ಅದು ಸಿಗುತ್ತದೆ. ಇದು ನೋಟ್‌ಬುಕ್ಕಿನ ಬಹುಮಾನ. ಏಳನೆಯ ಪುಸ್ತಕ ಇಲ್ಲದಿದ್ದರೂ ಆ ಮಗುವಿಗೆ ಎಂಟು ಬರುತ್ತಿತ್ತು. ಹತ್ತೊಂಬತ್ತನೆಯ ಪುಸ್ತಕ ಇಲ್ಲದಿದ್ದರೆ ಆ ಮಗು ಮೂರರಲ್ಲೇ ಉಳಿಯುತ್ತಿತ್ತು." ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಿಕೊಂಡರು. ಯಾರು ಚೆನ್ನಾಗಿ ಮಾತಾಡುತ್ತಾರೆ ಎಂಬುದು ನೋಟ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಯಾವ ಸಾಲನ್ನು ಮನೆಯಲ್ಲಿ ಅಮ್ಮ ಹೇಳಿಕೊಟ್ಟರು ಎಂಬುದೂ ಪೂರ್ತಿ ಕಾಣುವುದಿಲ್ಲ. ಅದಕ್ಕೇ ತರಗತಿಯಲ್ಲೇ ಬರೆದ ಮೂರು ಪುಟಗಳಿಗೆ ಅಷ್ಟು ತೂಕ ಕೊಟ್ಟೆವು ಎಂದರು.

ಭಾಷಣ ಮುಗಿದ ಮೇಲೆ ನಾನು ಹೋಗಿ ಹನ್ನೊಂದನೆಯದು ನನ್ನದು ಎಂದೆ. "ಗೊತ್ತಿಲ್ಲ ಅಂದ್ಕೊಂಡ್ಯಾ ಪುಟ್ಟಿ? ಹಳೇ ಪುಸ್ತಕ ತಂದುಕೊಡು, ಅದನ್ನೂ ನೋಡ್ತೀನಿ," ಎಂದರು. ತಂದುಕೊಡಲು ಪುಸ್ತಕ ಇರಲಿಲ್ಲ. ಹೊಸದು ಬರೆದು ಮುಗಿದ ದಿನವೇ ಅದನ್ನು ರೀಸೈಕಲ್ ಡಬ್ಬಿಗೆ ಹಾಕಿದ್ದೆ. ಆ ವರ್ಷ ಹಾಸನದಿಂದ ನನ್ನ ಅಜ್ಜಿ ಬಂದು ಆರು ತಿಂಗಳು ನಮ್ಮ ಮನೆಯಲ್ಲಿದ್ದರು. ದಿನವೂ ಊಟವಾದ ಮೇಲೆ ನನ್ನ ಪುಸ್ತಕ ತೆಗೆದು, ನಾನು ತಪ್ಪು ಬರೆದ ಪದದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸರಿಯಾದದ್ದನ್ನು ದುಂಡಗೆ ಬರೆದಿಡುತ್ತಿದ್ದರು. ಪುಟ ಗಲೀಜಾಯಿತು ಎಂದು ನಾನು ಸಿಟ್ಟಾಗುತ್ತಿದ್ದೆ. ಹೊಸ ಪುಸ್ತಕದಲ್ಲಿ ಅಜ್ಜಿಯ ಅಕ್ಷರ ಒಂದೂ ಇರಲಿಲ್ಲ. ಆಗ ಅಜ್ಜಿ ಊರಿಗೆ ಹಿಂತಿರುಗಿಯಾಗಿತ್ತು.

ಮುಂದಿನ ವರ್ಷದಿಂದ ನಾನು ಒಂದು ಸಾಲು ಬಿಟ್ಟು ಬರೆದೆ. ತಪ್ಪಾದರೆ ರಬ್ಬರ್ ಹಾಕದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ. ಈಗ ನಾನು ಎರಡನೆಯ ಹಂತದಲ್ಲಿ ಸಹಾಯಕಿ. ಅಲ್ಲಿಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ವರ್ಷದ ಕೊನೆಯಲ್ಲಿ ಮಗು ಹೊಸ ನೋಟ್‌ಬುಕ್ ಕೇಳಿದರೆ ಕೊಡಿಸಿ, ಆದರೆ ಹಳೆಯದು ಎಲ್ಲಿದೆ ಎಂದು ಒಮ್ಮೆ ವಿಚಾರಿಸಿ. ಹೋದ ಬೇಸಿಗೆಯಲ್ಲಿ ಅಜ್ಜಿ ಮತ್ತೆ ಬಂದಿದ್ದರು. ನನ್ನ ಈ ವರ್ಷದ ಪುಸ್ತಕದಲ್ಲಿ ನಾನು ಬಿಟ್ಟ ಸಾಲುಗಳಲ್ಲೆಲ್ಲ ಅವರ ಪೆನ್ಸಿಲ್ ಇದೆ.